ತಾರೀಖು ಬದಲಿಸೋಕೆ ರಾತ್ರಿ ಯಾಕೆ ಬೇಡ? ಗಡಿಯಾರದ ರಾತ್ರಿಯೇ ಬೇರೆ

ಪ್ರಶ್ನೆ: ಪುಣೆಯಲ್ಲಿ ನೈಟ್ ಶಿಫ್ಟ್ ಕೆಲಸ ನನ್ನದು. ಹೊಸ ಆಟೊಮ್ಯಾಟಿಕ್ ವಾಚಿನ ಜೊತೆ ಬಂದ ಪುಸ್ತಿಕೆಯಲ್ಲಿ ರಾತ್ರಿ 9ರಿಂದ ಬೆಳಗಿನ ಜಾವ 4ರವರೆಗೆ ತಾರೀಖು ಬದಲಿಸಬೇಡಿ ಅಂತಿದೆ. ನನಗೆ ಬಿಡುವು ಸಿಗೋದೇ ಆ ಹೊತ್ತಲ್ಲಿ. ಬದಲಿಸಿದರೆ ನಿಜವಾಗಿ ಏನಾಗುತ್ತೆ?

ನಿಮ್ಮ ಶಿಫ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಹೊರಗೆ ಎಷ್ಟು ಗಂಟೆಯಾಗಿದೆ ಅನ್ನೋದು ವಾಚಿಗೆ ಬೇಕಿಲ್ಲ, ಮುಳ್ಳುಗಳು ಎಲ್ಲಿವೆ ಅನ್ನೋದಷ್ಟೇ ಲೆಕ್ಕ. ನಿಂತುಹೋದ ವಾಚು ರಾತ್ರಿ ಹತ್ತೂವರೆಯಲ್ಲಿ ನಿಂತಿದ್ದರೆ, ಮಟಮಟ ಮಧ್ಯಾಹ್ನ ಕೈಗೆತ್ತಿಕೊಂಡರೂ ಅದಕ್ಕೆ ರಾತ್ರಿಯೇ.

ಮುಂಬೈಯ ಮಾಟುಂಗಾದಲ್ಲಿ ನನ್ನದು ವಾಚ್ ರಿಪೇರಿ ಅಂಗಡಿ. ಡಯಲ್ ತೆಗೆದರೆ ಕೆಳಗೆ ತಾರೀಖಿನ ಬಳೆ ಕಾಣುತ್ತದೆ, ಅದರ ಒಳಗಂಚಿನಲ್ಲಿ 31 ಹಲ್ಲು. ಪಕ್ಕದಲ್ಲಿ ದಿನಕ್ಕೆ ಒಂದೇ ಸುತ್ತು ಹಾಕುವ ಚಕ್ರ, ಅದಕ್ಕೊಂದು ಸಣ್ಣ ಬೆರಳು. ಹಗಲೆಲ್ಲ ಆ ಬೆರಳು ಹಲ್ಲುಗಳಿಂದ ದೂರ ತಿರುಗುತ್ತಿರುತ್ತದೆ. ರಾತ್ರಿ ಒಂಬತ್ತು, ಹತ್ತರ ಸುಮಾರಿಗೆ ಎರಡು ಹಲ್ಲುಗಳ ನಡುವೆ ಹೊಕ್ಕು ಮೆಲ್ಲಗೆ ತಳ್ಳಲು ಶುರು ಮಾಡುತ್ತದೆ. ಹನ್ನೆರಡರ ಆಸುಪಾಸು ಬಳೆ ಒಂದು ಮನೆ ಜರುಗುತ್ತದೆ. ತಾರೀಖು ಬದಲಾಯಿತು, ಆದರೆ ಬೆರಳು ಇನ್ನೂ ಹೊರಬಂದಿರುವುದಿಲ್ಲ. ವಾರದ ಹೆಸರೂ ಇರುವ ವಾಚಿನಲ್ಲಿ ತಾರೀಖಾದ ಮೇಲೆ ವಾರ ಜರುಗಬೇಕು, ಅದಕ್ಕೇ ಬೆಳಗಿನ ಜಾವದವರೆಗೂ ಗಡುವು.

ಕೀಯನ್ನು ಒಂದು ಹಂತ ಎಳೆದು ತಾರೀಖು ತಿರುಗಿಸುವಾಗ ಬೇರೊಂದು ಪುಟ್ಟ ಚಕ್ರ ಅದೇ ಬಳೆಯನ್ನು ತಳ್ಳುತ್ತದೆ. ಹಲ್ಲಿನ ನಡುವೆ ಬೆರಳು ಇರುವಾಗ ಹೀಗೆ ಮಾಡಿದರೆ, ಚಿಲಕ ಹಾಕಿದ ಬಾಗಿಲನ್ನು ನೂಕಿದ ಹಾಗೆ. ಬೆರಳು ಬಾಗುತ್ತದೆ, ಇಲ್ಲ ಹಲ್ಲು ಮುರಿಯುತ್ತದೆ. ಅಗ್ಗದ ಕ್ವಾರ್ಟ್ಜ್ ವಾಚುಗಳಲ್ಲಿ ಇವೆಲ್ಲ ಪ್ಲಾಸ್ಟಿಕ್ಕಿನವು, ಬೇಗ ಹೋಗುತ್ತವೆ. ಎಲ್ಲ ವಾಚೂ ಒಂದೇ ಸಲಕ್ಕೆ ಕೆಡುತ್ತದೆ ಅಂತಲ್ಲ. ಕೆಲವದರಲ್ಲಿ ಬೆರಳು ಸ್ಪ್ರಿಂಗಿನಂತೆ ಬಳುಕಿ ದಾರಿ ಬಿಡುತ್ತದೆ, ಕೆಲವು ಹೊಸ ಮೂವ್‌ಮೆಂಟ್‌ಗಳಿಗೆ ಈ ಕಟ್ಟುಪಾಡೇ ಇಲ್ಲ. ಆದರೆ ನಿಮ್ಮ ಪುಸ್ತಿಕೆಯಲ್ಲಿ ಬೇಡ ಅಂತ ಬರೆದಿದ್ದರೆ ನಿಮ್ಮದು ಆ ಜಾತಿಯದಲ್ಲ.

ಕೆಟ್ಟಿದೆಯೋ ಇಲ್ಲವೋ ತಿಳಿಯುವುದು ಸುಲಭ. ಕೀಯಿಂದ ತಿರುಗಿಸಿದರೆ ತಾರೀಖು ಚೆನ್ನಾಗಿ ಓಡುತ್ತದೆ, ಆದರೆ ರಾತ್ರಿ ತಾನಾಗಿ ಬದಲಾಗುವುದಿಲ್ಲ ಎಂದರೆ ಹೆಚ್ಚಾಗಿ ಬೆರಳೇ ಹೋಗಿರುತ್ತದೆ. ರಾತ್ರಿ ಸರಿಯಾಗಿ ಬದಲಾಗಿ, ಕೀ ಮಾತ್ರ ಸುಮ್ಮನೆ ಜಾರಿದರೆ ಆ ಪುಟ್ಟ ಚಕ್ರದ ಕಡೆ ನೋಡಬೇಕು. ಬೆಳಗಾದರೂ ಕಿಟಕಿಯಲ್ಲಿ ಎರಡು ಅಂಕಿ ಅರ್ಧರ್ಧ ನಿಂತಿದ್ದರೂ ಅನುಮಾನಪಡಿ. ಮುರಿದ ಚೂರು ಒಳಗಿನ ಚಕ್ರಗಳಿಗೆ ಸಿಕ್ಕಿ ವಾಚೇ ನಿಂತದ್ದೂ ಉಂಟು. ಮಧ್ಯಾಹ್ನ ಹನ್ನೆರಡಕ್ಕೆ ತಾರೀಖು ಬದಲಾದರೆ ಮಾತ್ರ ಗಾಬರಿ ಬೇಡ, ಹಗಲು ರಾತ್ರಿ ಅದಲುಬದಲಾಗಿದೆ ಅಷ್ಟೆ. ಮುಳ್ಳನ್ನು ಇನ್ನು ಹನ್ನೆರಡು ಗಂಟೆ ಮುಂದಕ್ಕೆ ತಿರುಗಿಸಿ.

ನನ್ನ ಅಂಗಡಿಗೆ ಇಂಥ ವಾಚು ಬರುವುದು ಹೆಚ್ಚಾಗಿ ಮಾರ್ಚ್, ಮೇ, ಜುಲೈ, ಅಕ್ಟೋಬರ್, ಡಿಸೆಂಬರ್ ಮೊದಲ ವಾರದಲ್ಲಿ. ಹಿಂದಿನ ತಿಂಗಳು ಗಿಡ್ಡ, ಬಳೆಗೆ ಅದು ಗೊತ್ತಿಲ್ಲ. ನವೆಂಬರ್ 30 ಮುಗಿದು ಹನ್ನೆರಡು ಹತ್ತಕ್ಕೆ ನೋಡಿದರೆ 31 ಅಂತ ತೋರಿಸುತ್ತಿರುತ್ತದೆ. ಎಚ್ಚರವಿದ್ದವರು ಅಲ್ಲೇ ಸರಿಮಾಡಲು ಹೋಗುತ್ತಾರೆ. ಬೆರಳು ಹಲ್ಲಿನಲ್ಲಿ ಸಿಕ್ಕಿಕೊಂಡಿರುವ ಹೊತ್ತೇ ಅದು!

ನಿಮಗೂ ಅದೇ ಪ್ರಸಂಗ ಬರುತ್ತದೆ, ಆಗ ಹೀಗೆ ಮಾಡಿ. ತಾರೀಖಿನ ಹಂತಕ್ಕೆ ಹೋಗಲೇಬೇಡಿ. ಕೀಯನ್ನು ಪೂರ್ತಿ ಎಳೆದು ಮುಳ್ಳನ್ನು ಮುಂದಕ್ಕೆ ತಿರುಗಿಸಿ. ಆರು ಗಂಟೆ, ನಡುಹಗಲು ಹನ್ನೆರಡು, ಮತ್ತೆ ಆರು ದಾಟಿ ಇನ್ನೊಂದು ಹನ್ನೆರಡು ಬಂದಾಗ 31 ಹೋಗಿ 1 ಆಗುತ್ತದೆ. ಹನ್ನೆರಡು ಹತ್ತಕ್ಕೆ, ಅಷ್ಟರಲ್ಲಿ ಕಳೆದ ನಿಮಿಷಗಳನ್ನೂ ಸೇರಿಸಿ, ನಿಲ್ಲಿಸಿ ಕೀ ಒತ್ತಿ. ಮುಳ್ಳು ತಿರುಗಿಸಿದಾಗ ಬೆರಳೂ ಜೊತೆಗೇ ತಿರುಗುವುದರಿಂದ ಜಗಳವಿಲ್ಲ. ಹಿಂದಕ್ಕೆ ಮಾತ್ರ ಹನ್ನೆರಡು ದಾಟಿಸಬೇಡಿ. ವಾರದ ಹೆಸರೂ ಇದ್ದರೆ ಈ ಉಪಾಯ ಬೇಡ, ವಾರ ಒಂದು ದಿನ ಮುಂದೆ ಹೋಗುತ್ತದೆ. ಬೆಳಗ್ಗೆ ಶಿಫ್ಟ್ ಮುಗಿದು ಆರು ದಾಟಿದ ಮೇಲೆ ಮಾಡಿ. ಫೆಬ್ರವರಿ ಮುಗಿದಾಗಲೂ ಬೆಳಗ್ಗೆಯೇ ವಾಸಿ, ಮೂರು ದಿನದಷ್ಟು ಮುಳ್ಳು ತಿರುಗಿಸಿ ಬೆರಳು ನೋಯಿಸಿಕೊಳ್ಳುವುದೇಕೆ?

ನಿಂತ ವಾಚಾದರೆ ಮೊದಲು ಅದಕ್ಕೆ ಹಗಲೋ ರಾತ್ರಿಯೋ ಪತ್ತೆ ಮಾಡಬೇಕು. ಮುಳ್ಳು 10:20ಕ್ಕೆ ನಿಂತಿದೆ ಅನ್ನಿ. ಕೀ ಪೂರ್ತಿ ಎಳೆದು, ತಾರೀಖು ಬದಲಾಗುವವರೆಗೂ ಮುಂದಕ್ಕೆ ತಿರುಗಿಸಿ. ಬದಲಾದ ಹನ್ನೆರಡೇ ಮಧ್ಯರಾತ್ರಿ. ಅಲ್ಲಿಂದ ಆರಕ್ಕೆ ತನ್ನಿ, ಈಗ ವಾಚಿಗೆ ಬೆಳಗಿನ ಆರು, ಬೆರಳು ದೂರದಲ್ಲಿದೆ. ಕೀಯನ್ನು ನಡುವಿನ ಹಂತಕ್ಕೆ ಒತ್ತಿ ಇವತ್ತಿನ ತಾರೀಖು ಇಡಿ, ಮತ್ತೆ ಪೂರ್ತಿ ಎಳೆದು ಸಮಯಕ್ಕೆ ತನ್ನಿ. ಸಂಜೆ 7:40 ಆಗಿದ್ದರೆ ಹನ್ನೆರಡನ್ನು ಒಂದು ಸಲ ದಾಟಬೇಕು. ಆಗ ತಾರೀಖು ಅಲುಗದಿದ್ದರೆ ಲೆಕ್ಕ ಸರಿಯಾಗಿದೆ. ನಡುರಾತ್ರಿ ದಾಟಿದ ಹೊತ್ತಿನಲ್ಲಿ ಇಡುತ್ತಿದ್ದರೆ ಹಿಂದಿನ ದಿನದ ತಾರೀಖು ಇಟ್ಟು, ಎರಡನೆಯ ಹನ್ನೆರಡನ್ನೂ ದಾಟಿಸಿ.