ಡಯಾಲಿಸಿಸ್ ಚೀಲದ ಹೊರಗೆ ಪಿಷ್ಟ ಕಂಡರೆ

ಪ್ರಶ್ನೆ: ಗದಗ ತಾಲೂಕಿನ ಪ್ರೌಢಶಾಲೆಯೊಳಗ ವಿಜ್ಞಾನ ಕಲಸ್ತೀನಿ. ಡಯಾಲಿಸಿಸ್ ಟ್ಯೂಬಿನ್ಯಾಗ ಪಿಷ್ಟ, ಗ್ಲೂಕೋಸ್ ಹಾಕಿ ದೊಡ್ಡ ಬೀಕರಿನ್ಯಾಗ ಇಟ್ವಿ. ಹೊರಗಿನ ನೀರಿಗೆ ಅಯೋಡಿನ್ ಹಾಕಿದ್ರ ನೀಲಿ ಆತು, ಬೆನೆಡಿಕ್ಟ್ ಪರೀಕ್ಷೆ ಮಾತ್ರ ಹಸಿರು ದಾಟಲಿಲ್ಲ. ಹಿಂದ-ಮುಂದ ಆತಲ್ಲ, ಎಲ್ಲಿ ತಪ್ಪೈತಿ?

ಸರ್, ಪಿಷ್ಟ ಪೊರೆ ದಾಟಿ ಬಂದಿರಲಾರದು. ಶಾಲೆಗಳಿಗೆ ಸಿಗುವ ಸೆಲ್ಯುಲೋಸ್ ಟ್ಯೂಬ್ ಸಾಮಾನ್ಯವಾಗಿ 12,000ದಿಂದ 14,000 ಡಾಲ್ಟನ್‌ಗಿಂತ ದೊಡ್ಡ ಅಣುಗಳನ್ನು ತಡೆಯುತ್ತದೆ. ಗ್ಲೂಕೋಸ್ ಅಣು 180 ಡಾಲ್ಟನ್ ಅಷ್ಟೇ. ಪಿಷ್ಟದ ಅಣು ಲಕ್ಷಗಟ್ಟಲೆ. ಹಾಗಾಗಿ ನಿಮ್ಮ ನೀಲಿ ಬಣ್ಣಕ್ಕೆ ಕಾರಣ ಎರಡೇ: ತುಂಬುವಾಗ ಚೀಲದ ಹೊರಮೈಗೆ ಗಂಜಿ ಅಂಟಿದೆ, ಇಲ್ಲವೇ ಗಂಟು ಸೋರುತ್ತಿದೆ.

ಇವೆರಡನ್ನು ಬೇರ್ಪಡಿಸುವುದು ಸುಲಭ. ಚೀಲ ಇಳಿಬಿಟ್ಟ ಕೂಡಲೇ ಹೊರಗಿನ ನೀರನ್ನು ಡ್ರಾಪರಿನಲ್ಲಿ ತೆಗೆದು ಬಿಳಿ ಟೈಲ್ ಮೇಲೆ ಎರಡು ಹನಿ ಹಾಕಿ, ಅದಕ್ಕೆ ಅಯೋಡಿನ್ ಒಂದು ಹನಿ ಬಿಡಿ. ಆಗಲೇ ನೀಲಿಯಾದರೆ ಮೈಗೆ ಅಂಟಿದ್ದು ಬಂದಿದೆ. ಆಗ ಕಂದು-ಹಳದಿಯಾಗಿಯೇ ಉಳಿದು, 20 ನಿಮಿಷದ ಮೇಲೆ ನೀಲಿಯಾದರೆ ಗಂಟು ಸೋರಿದೆ. ಸೊನ್ನೆ ನಿಮಿಷದ ಈ ಮಾದರಿ ತೆಗೆಯದೆ ಮಾಡಿದ ಪ್ರಯೋಗದಿಂದ ಏನನ್ನೂ ಹೇಳಲಾಗದು ಎನ್ನುವುದು ನನ್ನ ಮಾತು. ಅಯೋಡಿನ್ ಪರೀಕ್ಷೆ ಬಹಳ ಚುರುಕು, ಹೊರಮೈಗೆ ಅಂಟಿದ ನಾಲ್ಕೈದು ಹನಿ ಗಂಜಿಯನ್ನೂ ಅದು ತೋರಿಸಿಬಿಡುತ್ತದೆ. ಬೆನೆಡಿಕ್ಟ್‌ಗೆ ಅಷ್ಟು ಚುರುಕಿಲ್ಲ. ನಿಮ್ಮಲ್ಲಿ ಫಲಿತಾಂಶ ತಿರುವುಮುರುವಾಗಿ ಕಂಡದ್ದು ಅದಕ್ಕೇ.

ಎರಡನೆಯ ತಪ್ಪು ಬೀಕರಿನ ಗಾತ್ರ. ಲೆಕ್ಕ ನೋಡಿ: ಶೇ. 10ರ ಗ್ಲೂಕೋಸ್ 5 ಮಿ.ಲೀ., ಶೇ. 1ರ ಪಿಷ್ಟ 5 ಮಿ.ಲೀ. ಸೇರಿಸಿ ಚೀಲಕ್ಕೆ ತುಂಬಿದರೆ ಒಳಗಿರುವ ಗ್ಲೂಕೋಸ್ ಅರ್ಧ ಗ್ರಾಂ. ಹೊರಗೆ 250 ಮಿ.ಲೀ. ನೀರಿದ್ದರೆ ಒಳಗೂ ಹೊರಗೂ ಸಮವಾದ ಮೇಲೂ ಸಿಗುವುದು ಸುಮಾರು ಶೇ. 0.2, ಅಂದರೆ ಬರೀ ಹಸಿರು. ಹೊರಗೆ 30 ಮಿ.ಲೀ. ಮಾತ್ರ ಇದ್ದರೆ ಅದು ಶೇ. 1.25ರ ತನಕ ಏರಬಲ್ಲದು, ಕಿತ್ತಳೆ ಬಣ್ಣ ಬರುತ್ತದೆ. ಬೀಕರ್ ಬಿಟ್ಟು ಅಗಲ ಬಾಯಿಯ ದೊಡ್ಡ ಪ್ರನಾಳ ಬಳಸಿ.

ಮಾಡುವ ಕ್ರಮ: 15 ಸೆಂ.ಮೀ. ಟ್ಯೂಬನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ, ಬೆರಳ ನಡುವೆ ಹೊಸಕಿ ಬಾಯಿ ಬಿಡಿಸಿ. ಒಂದು ತುದಿಗೆ ಬಿಗಿಯಾಗಿ ಎರಡು ಗಂಟು ಹಾಕಿ, ಮೊದಲು ಬರೀ ನೀರು ತುಂಬಿ ಹಿಂಡಿ ನೋಡಿ; ಸೋರಿದರೆ ಅಲ್ಲೇ ಗೊತ್ತಾಗುತ್ತದೆ. ಪಿಷ್ಟ 1 ಗ್ರಾಂ ತಣ್ಣೀರಲ್ಲಿ ಕಲಸಿ, ಕುದಿಯುವ ನೀರಿಗೆ ಸುರಿದು 100 ಮಿ.ಲೀ. ಮಾಡಿ, ಪೂರ್ತಿ ಆರಿಸಿ. ಬಿಸಿ ಗಂಜಿಗೆ ಅಯೋಡಿನ್ ಹಾಕಿದರೆ ನೀಲಿ ನಿಲ್ಲುವುದಿಲ್ಲ. ಗಂಜಿಯನ್ನು ಅಂದಂದೇ ಮಾಡಿ. ನಮ್ಮ ಕಡೆಯ ಬೇಸಿಗೆಯಲ್ಲಿ ರಾತ್ರಿ ಇಟ್ಟದ್ದು ಕೆಟ್ಟು, ಸೂಕ್ಷ್ಮಜೀವಿಗಳು ಪಿಷ್ಟವನ್ನೇ ಸಕ್ಕರೆ ಮಾಡಿರುತ್ತವೆ. ಜೋಳದ ಹಿಟ್ಟು ಬೇಡ, ಅದರಲ್ಲಿ ಪಿಷ್ಟವಷ್ಟೇ ಇರುವುದಿಲ್ಲ.

ಚೀಲಕ್ಕೆ ಫನೆಲ್ ಇಟ್ಟು ತುಂಬಿ. ನೀರು ಒಳಗೆ ಬಂದು ಚೀಲ ಉಬ್ಬುವುದರಿಂದ ಮೇಲೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಿ. ಆಮೇಲೆ ಹೊರಮೈಯನ್ನು ಹರಿಯುವ ನೀರಲ್ಲಿ, ಗಂಟಿನ ಸುತ್ತ ವಿಶೇಷವಾಗಿ, ತೊಳೆದು, ಡಿಸ್ಟಿಲ್ಡ್ ನೀರಲ್ಲಿ ಅದ್ದಿ ತೆಗೆದು, ಪ್ರನಾಳದಲ್ಲಿರುವ 30 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಇಳಿಸಿ. ನೀರು ಸುಮಾರು 35 ಡಿಗ್ರಿ ಬೆಚ್ಚಗಿದ್ದರೆ ಬೇಗ ಆಗುತ್ತದೆ. ಧಾರವಾಡದ ಚಳಿಗಾಲದ ಮುಂಜಾನೆಯ ತಣ್ಣೀರಾದರೆ ಇನ್ನಷ್ಟು ಹೊತ್ತು ಕಾಯಿರಿ.

20 ನಿಮಿಷದ ಮೇಲೆ ಹೊರಗಿನ ನೀರು 2 ಮಿ.ಲೀ., ಬೆನೆಡಿಕ್ಟ್ ದ್ರಾವಣ 2 ಮಿ.ಲೀ. ಸೇರಿಸಿ ಕುದಿಯುವ ನೀರಲ್ಲಿ 5 ನಿಮಿಷ ಇಡಿ. ನೇರ ಉರಿಗೆ ಹಿಡಿದರೆ ಚಿಮ್ಮುತ್ತದೆ. ಪಕ್ಕದಲ್ಲಿ ಬರೀ ಡಿಸ್ಟಿಲ್ಡ್ ನೀರಿನದೊಂದು, ಸೊನ್ನೆ ನಿಮಿಷದ್ದೊಂದು ಪ್ರನಾಳ ಇರಲಿ. ಎರಡೂ ನೀಲಿಯಾಗಿಯೇ ಉಳಿಯಬೇಕು. ಚೀಲದೊಳಗೂ ಗ್ಲೂಕೋಸ್ ಸಿಗುತ್ತದೆ, ಅದು ತಪ್ಪಲ್ಲ: ಸಮವಾದ ಮೇಲೂ ಒಳಗೊಂದಷ್ಟು ಉಳಿದೇ ಇರುತ್ತದೆ.

ಮೆಡಿಕಲ್ ಅಂಗಡಿಯ ಗ್ಲೂಕೋಸ್ ಪುಡಿ ತರುವುದಾದರೆ ಪ್ಯಾಕೆಟ್ ಮೇಲೆ ಓದಿ. ಸಿ ವಿಟಮಿನ್ ಸೇರಿಸಿದ್ದು ಅಯೋಡಿನ್ ಬಣ್ಣವನ್ನೇ ತೆಗೆದುಬಿಡುತ್ತದೆ. ಆಗ ಚೀಲದೊಳಗಿನ ಪಿಷ್ಟವೂ ಇಲ್ಲದಂತೆ ಕಾಣುತ್ತದೆ, ಬೆನೆಡಿಕ್ಟ್ ಫಲಿತಾಂಶವನ್ನೂ ನಂಬಲಾಗದು. ಅಡುಗೆ ಸಕ್ಕರೆಗಂತೂ ಬೆನೆಡಿಕ್ಟ್ ಬಣ್ಣವೇ ಬದಲಾಗದು.

ಹೊರಗಿನ ನೀರಿಗೆ ಅಯೋಡಿನ್ ಸುರಿಯುವ ಆಟ ಕೊನೆಗಿರಲಿ, ಬೆನೆಡಿಕ್ಟ್‌ಗೆ ಮಾದರಿ ತೆಗೆದ ಮೇಲೆ. ಅಯೋಡಿನ್ ಸಣ್ಣದು, ಪೊರೆ ದಾಟಿ ಒಳಗೆ ಹೋಗುತ್ತದೆ: ಚೀಲ ಕಪ್ಪು-ನೀಲಿ, ಹೊರಗಿನ ನೀರು ಕಂದು. ಇದೇ ಚೀಲ ಗಟ್ಟಿಯಿದೆ ಎಂಬುದಕ್ಕೂ ಸಾಕ್ಷಿ.

ಮಕ್ಕಳು ಜೀವಕೋಶದ ಪೊರೆಯಲ್ಲೂ ಗ್ಲೂಕೋಸ್ ಹೀಗೇ ನುಸುಳುತ್ತದೆ ಎಂದುಕೊಂಡರೆ ತಿದ್ದಿ. ಈ ಟ್ಯೂಬು ಗಾತ್ರ ನೋಡಿ ಸೋಸುವ ಜರಡಿ ಮಾತ್ರ. ಕೋಶದ ಪೊರೆ ಕೊಬ್ಬಿನದು, ಅದನ್ನು ಗ್ಲೂಕೋಸ್ ತಾನಾಗಿ ದಾಟುವುದು ತೀರಾ ಕಡಿಮೆ. ಪೊರೆಯಲ್ಲಿರುವ ವಾಹಕ ಪ್ರೋಟೀನುಗಳು ಅದನ್ನು ಒಳಗೆ ಕರೆದುಕೊಳ್ಳುತ್ತವೆ.