ನಲುವತ್ತಕ್ಕೆ ಯು ಯಾಕಿಲ್ಲ?

*ಸಂಪಾದಕರೇ, ನನ್ನ ಮಗಳು ಐದನೇ ಕ್ಲಾಸು. ಇಂಗ್ಲಿಷ್ ಪರೀಕ್ಷೆಯಲ್ಲಿ ಫಾರ್ಟಿಗೆ ಯು ಹಾಕಿ ಅರ್ಧ ಮಾರ್ಕು ಕಳಕೊಂಡಳು. ಫೋರ್‌ಗೆ ಯು ಉಂಟು, ಫೋರ್ಟೀನ್‌ಗೂ ಉಂಟು, ಇದಕ್ಕೆ ಮಾತ್ರ ಯಾಕಿಲ್ಲ ಅಂತ ಕೇಳ್ತಾಳೆ. ಟ್ವೆಲ್ವ್‌ಗೆ ವಿ ಇದ್ದು ಟ್ವೆಲ್ಫ್ತ್‌ಗೆ ಎಫ್ ಯಾಕೆ ಅಂತಲೂ ಹೀಗೇ ಜಗಳ. ಏನು ಹೇಳಲಿ?*
*— ಒಬ್ಬ ತಾಯಿ, ಬದಿಯಡ್ಕ*

ಮಗಳ ತಪ್ಪು ಹಳೇ ಕಾಲದ ತಪ್ಪು, ಅಮ್ಮ. ಹದಿನೇಳನೇ ಶತಮಾನದ ಇಂಗ್ಲಿಷಿನವರೂ ಫಾರ್ಟಿಯನ್ನು ಯು ಹಾಕಿ ಬರೆದದ್ದುಂಟು. ಅವರಿಗೆ ಯಾರೂ ಮಾರ್ಕು ಕಳೆಯಲಿಲ್ಲ. ನಾನೂ ಒಮ್ಮೆ ಚೆಕ್ಕಿನಲ್ಲಿ ಹಾಗೆ ಬರೆದಿದ್ದೆ. ಬ್ಯಾಂಕಿನವರು ನಕ್ಕು ಹಣ ಕೊಟ್ಟರು.

ಈಗ ಮಗಳನ್ನು ಹತ್ತಿರ ಕೂರಿಸಿ ಕನ್ನಡ ಸಂಖ್ಯೆ ಹೇಳಿಸಿ. ನಾಲ್ಕು, ನಲುವತ್ತು. ಆರು, ಅರುವತ್ತು. ಏಳು, ಎಪ್ಪತ್ತು. ಒಂದೇ ಇದ್ದಾಗ ಸ್ವರ ಉದ್ದ. ಹಿಂದೆ ಇನ್ನೊಂದು ತುಂಡು ಬಂದು ಅಂಟಿದ ಕೂಡಲೇ ಗಿಡ್ಡ. ನಿಮ್ಮ ಪಕ್ಕದ ಮನೆಯ ಮಲಯಾಳದವರು ಮಾತ್ರ ನಾಲ್ಪತ್ ಅಂತ ಉದ್ದವಾಗಿಯೇ ಎಳೆಯುತ್ತಾರೆ, ಅಲ್ವಾ? ಅರುವತ್ತಕ್ಕೆ ಬಂದಾಗ ಅವರೂ ಗಿಡ್ಡ ಮಾಡುತ್ತಾರೆ.

ಇಂಗ್ಲಿಷಿನಲ್ಲಿ ಆದದ್ದೂ ಸುಮಾರಾಗಿ ಇದೇ. ಫೋರ್‌ನಲ್ಲಿ ಸ್ವರ ಉದ್ದವಾಗಿ ಉಳಿಯಿತು. ನಲುವತ್ತರ ಪದದಲ್ಲಿ ಆರ್ ಮತ್ತು ಟಿ ಒಟ್ಟಿಗೆ ಬಂದಲ್ಲಿ ಸ್ವರ ಗಿಡ್ಡವಾಯಿತು, ಉಚ್ಚಾರವೇ ಬೇರೆಯಾಯಿತು. ಫೋರ್ಟೀನ್‌ನಲ್ಲಿ ಫೋರ್ ಇದ್ದ ಹಾಗೆಯೇ ಉಳಿಯಿತು. ಬರೆಯುವವರು ಕಿವಿಯ ಮಾತು ಕೇಳಿ ಫಾರ್ಟಿಯ ಯು ತೆಗೆದರು. ಆಮೇಲೆ ಲಂಡನ್ ಕಡೆಯ ಮಾತಿನಲ್ಲಿ ಎರಡು ಸ್ವರಗಳೂ ಒಂದಾಗಿ ಹೋದವು. ಹಾಗಾಗಿ ಇವತ್ತು ಸ್ಪೆಲಿಂಗ್ ಸುಮ್ನೆ ಹಟ ಮಾಡಿದ ಹಾಗೆ ಕಾಣುತ್ತದೆ. ಸ್ಕಾಟ್ಲೆಂಡಿನ ಎಷ್ಟೋ ಜನರ ಬಾಯಲ್ಲಿ ಆ ವ್ಯತ್ಯಾಸ ಈಗಲೂ ಕೇಳುತ್ತದೆ. ನಾವೂ ಫೋರ್, ಫೋರ್ಟೀನ್ ಅನ್ನುತ್ತೇವೆ, ಆದರೆ ಫಾರ್ಟಿ ಅನ್ನುತ್ತೇವೆ. ನಮ್ಮದು ಬಹುಶಃ ಸ್ಪೆಲಿಂಗ್ ನೋಡಿ ಕಲಿತದ್ದು. ಇರಲಿ, ಮಗಳಿಗೆ ನೆನಪಿಟ್ಟುಕೊಳ್ಳಲು ಅಷ್ಟು ಸಾಕು: ಬಾಯಿಗೆ "ಫೋ" ಬಂದರೆ ಯು, "ಫಾ" ಬಂದರೆ ಇಲ್ಲ.

ಟ್ವೆಲ್ಫ್ತ್‌ನ ಎಫ್ ನಡುವೆ ಬಂದು ಸೇರಿದ್ದಲ್ಲ. ಅದೇ ಮನೆಯ ಹಳೇ ಯಜಮಾನ. ಹನ್ನೆರಡಕ್ಕೆ ಹಳೇ ಇಂಗ್ಲಿಷಿನಲ್ಲಿ ಟ್ವೆಲ್ಫ್ ಅನ್ನುತ್ತಿದ್ದರು. ಅದರ ಹಿಂದೆ ಸ್ವರ ಸೇರಿದ ರೂಪಗಳಲ್ಲಿ ಎಫ್ ಮೆತ್ತಗಾಗಿ ವಿ ಆಯಿತು, ಅದೇ ಇವತ್ತಿನ ಟ್ವೆಲ್ವ್. ಹನ್ನೆರಡನೆಯದಕ್ಕೆ ಹಿಂದೆ "ಟ್ವೆಲ್ಫ್ಟ" ಅಂತಿತ್ತು. ಎಫ್‌ಗೆ ಟಿ ತಾಗಿಕೊಂಡೇ ಇದ್ದದ್ದರಿಂದ ಅದು ಮೆತ್ತಗಾಗಲಿಲ್ಲ. ಕೊನೆಯ ಟಿ ಮಾತ್ರ ಆಮೇಲೆ ಫೋರ್ತ್, ಸೆವೆಂತ್ ನೋಡಿ "ತ್" ಆಯಿತು. ಫೈವ್, ಫಿಫ್ತ್ ಕಥೆಯೂ ಇದೇ. ಅಲ್ಲಿ ಸ್ವರವೂ ಗಿಡ್ಡವಾಗಿದೆ, ನೋಡಿ: ಫೈ ಹೋಗಿ ಫಿ.

ಏಯ್ಟ್ತ್‌ನಲ್ಲಿ ಲೆಕ್ಕಕ್ಕೆ ಎರಡು ಟಿ ಬರಬೇಕಿತ್ತು, ಒಂದೇ ಬರೆಯುತ್ತಾರೆ. ನೈಂತ್‌ನಲ್ಲಿ ನೈನ್‌ನ ಇ ಬಿದ್ದುಹೋಗಿದೆ, ನೈಂಟಿಯಲ್ಲಿ ಉಳಿದಿದೆ. ಇದಕ್ಕೆ ಕಿವಿ ಏನೂ ಸಹಾಯ ಮಾಡುವುದಿಲ್ಲ. ಹತ್ತು ಸಲ ಬರೆಸಿ.