ಕೊನೆಯ ಸಾಲನ್ನು ಮೊದಲು ಬರೆಯಿರಿ

*ಪೀಣ್ಯದ ಒಂದು ಪಂಪ್ ಕಾರ್ಖಾನೆಯಲ್ಲಿ ಪರ್ಚೇಸ್ ನೋಡಿಕೊಳ್ಳುತ್ತೇನೆ. ಸೋಮವಾರದ ಮೀಟಿಂಗಿನಲ್ಲಿ ಹತ್ತು ನಿಮಿಷ ಮಾತಾಡಿದರೂ ಯಾರೂ ಏನೂ ಮಾಡುವುದಿಲ್ಲ. ಚಿಕ್ಕದಾಗಿ ಹೇಳಿದರೆ ಇವನು ಕೆಲಸ ಮಾಡಿಲ್ಲ ಅಂದುಕೊಳ್ಳುತ್ತಾರೇನೋ ಅನ್ನುವ ಭಯ. ಕಳೆದ ವಾರ ಓದಿದ ಟಿಪ್ಪಣಿ ಜೊತೆಗಿದೆ, ನೋಡಿ ಹೇಳಿ ಸಾರ್. – ಒಬ್ಬ ಓದುಗ, ಬೆಂಗಳೂರು*

ಟಿಪ್ಪಣಿ ಎರಡು ಸಲ ಓದಿದೆ. ಸಪ್ಲೈಯರ್‌ಗೆ ಎಷ್ಟು ಸಲ ಫೋನ್ ಮಾಡಿದಿರಿ, ಅವರು ಏನೇನು ನೆಪ ಹೇಳಿದರು, ಎಲ್ಲ ಇದೆ. ಆದರೆ ‘ಬೇರಿಂಗ್ ಸ್ವಲ್ಪ ತಡವಾಗ್ತಿದೆ, ಫಾಲೋಅಪ್ ಮಾಡ್ತಿದ್ದೀವಿ’ ಅಂತ ಮುಗಿಸಿದ್ದೀರಿ. ಇದನ್ನು ಕೇಳಿದವರಿಗೆ ಅನ್ನಿಸುವುದು ಒಂದೇ, ಸರಿ, ಇವರು ನೋಡಿಕೊಳ್ತಾರೆ ಅಂತ. ಅದಕ್ಕೇ ಯಾರೂ ಅಲುಗಾಡಲಿಲ್ಲ.

ಮುಂದಿನ ಸಲ ಕೊನೆಯ ಸಾಲನ್ನೇ ಮೊದಲು ಬರೆಯಿರಿ: ಯಾರು, ಏನು, ಎಷ್ಟು ಹೊತ್ತಿನೊಳಗೆ ಮಾಡಬೇಕು. ಆಮೇಲೆ, ಅವರು ಹೂಂ ಅನ್ನಲು ಏನು ಗೊತ್ತಿರಬೇಕೋ ಅಷ್ಟನ್ನೇ ಅದರ ಮೇಲೆ ಸೇರಿಸಿ. ನಿಮ್ಮ ಟಿಪ್ಪಣಿಯಲ್ಲಿದ್ದ ಲೆಕ್ಕವನ್ನೇ ಹಿಡಿದು ನಾನು ಹೀಗೆ ಬರೆದೆ:

‘500 ಬೇರಿಂಗ್‌ನಲ್ಲಿ 320 ಬಂದಿವೆ. ದಿನಕ್ಕೆ 80 ಬೇಕು, ಹಾಗಾಗಿ ಗುರುವಾರ ಸಂಜೆಗೆ ಖಾಲಿ. ಉಳಿದ 180 ಬರುವುದು ಮುಂದಿನ ಸೋಮವಾರ. ಶುಕ್ರವಾರ, ಶನಿವಾರ ಲೈನ್ ನಿಲ್ಲುತ್ತದೆ. ಇನ್ನೊಬ್ಬ ಸಪ್ಲೈಯರ್ ಮೂರು ದಿನದಲ್ಲಿ 160 ಕೊಡುತ್ತಾರೆ, ಒಂದಕ್ಕೆ 12 ರೂಪಾಯಿ ಜಾಸ್ತಿ, ಒಟ್ಟು 1,920. ಮ್ಯಾನೇಜರ್ ಸಾರ್, ಇವತ್ತು ಸಂಜೆ 4ರೊಳಗೆ ಒಪ್ಪಿಗೆ ಬೇಕು. ತಡವಾದರೆ ಗುರುವಾರ ಮಾಲು ಬರಲ್ಲ.’

ಒಂದು ನಿಮಿಷವೂ ಆಗಲ್ಲ. ಕೆಲಸ ಮಾಡಿಲ್ಲ ಅಂತ ಯಾರಾದರೂ ಅಂದಾರಾ? ಸ್ಟಾಕ್ ಎಣಿಸಿ, ಇನ್ನೊಬ್ಬರ ರೇಟು ತಂದವರು ಮಾತ್ರ ಹೀಗೆ ಮಾತಾಡಬಲ್ಲರು. ಫೋನ್ ಕರೆಗಳ ಕಥೆ ನಿಮ್ಮ ಹತ್ತಿರವೇ ಇರಲಿ, ಯಾರಾದರೂ ಕೇಳಿದರೆ ಹೇಳಿ.

‘ಎಲ್ಲರೂ ಸ್ವಲ್ಪ ಸಹಕಾರ ಕೊಡಿ’ ಅನ್ನಬೇಡಿ. ಎಲ್ಲರಿಗೂ ಹೇಳಿದ್ದು ಯಾರಿಗೂ ಹೇಳಿದ ಹಾಗಲ್ಲ. ಹಾಗಂತ ದುಡ್ಡಿನ ವಿಷಯವನ್ನು ಮ್ಯಾನೇಜರ್ ಮುಂದೆ ಹತ್ತು ಜನರ ನಡುವೆ ಮೊದಲ ಸಲ ಎತ್ತಿದರೆ ಅವರು ‘ನೋಡೋಣ’ ಅಂತಾರೆ, ಆ ನೋಡೋಣ ಅನ್ನುವುದು ಉತ್ತರವೇ ಅಲ್ಲ. ಮೀಟಿಂಗಿಗೆ ಹದಿನೈದು ನಿಮಿಷ ಮೊದಲೇ ಹೋಗಿ ಕಿವಿಗೆ ಹಾಕಿಬಿಡಿ. ಆದರೂ ‘ನೋಡೋಣ’ ಬಂದರೆ ಅಲ್ಲೇ ಕೇಳಿ: ‘ಸಾರ್, ನಾಲ್ಕಕ್ಕೆ ಬರಲಾ?’

ಏನೂ ಕೇಳುವುದಿಲ್ಲದ ವಾರವೂ ಇರುತ್ತೆ ಅಲ್ವಾ? ಆಗ ‘ಈ ವಾರ ಯಾರಿಂದಲೂ ಏನೂ ಬೇಕಿಲ್ಲ’ ಅಂತ ಹೇಳಿ ಸುಮ್ನೆ ಕೂತುಬಿಡಿ. ಮುಂದಿನ ಸೋಮವಾರ ಮಾತ್ರ, ಹೋದ ವಾರ ಕೇಳಿದ್ದು ಏನಾಯಿತು ಅನ್ನುವುದರಿಂದಲೇ ಶುರು ಮಾಡಿ: 160 ಬೇರಿಂಗ್ ಬಂತು, ಲೈನ್ ನಿಲ್ಲಲಿಲ್ಲ.